ಎರಡು ಅಲ್ಪವಿರಾಮ ಮೂರು (ಸಣ್ಣ ಕಥೆ, ಅರ್ಧಕ್ಕೆ ನಿಂತಿದೆ)

ಇಂಚರ

ಕಥೆ ಅಂತಲೇ ಓದಿಕೊಳ್ಳಿ. ಕೊನೆ ಬರೆಯೋಕಾಗಿಲ್ಲ. ಯಾಕೆ ಅನ್ನೋದು ಕೆಳಗೆ ಗೊತ್ತಾಗುತ್ತೆ.

ರಾತ್ರಿ ಹನ್ನೊಂದೂವರೆಗೆ ಫೋನು ಅದುರಿತು. ಪರೀಕ್ಷೆಯ ಫಲಿತಾಂಶ ಬಂದಿದೆ, ಪೋರ್ಟಲ್‌ನಲ್ಲಿ ನೋಡಿಕೊಳ್ಳಿ ಎಂದು ಒಂದೇ ಸಾಲಿನ ಮಿಂಚಂಚೆ. ಜರ್ಮನಿಗೆ ಬಂದ ಮೇಲೆ ಅವಳು ಬರೆದ ಮೊದಲ ಪರೀಕ್ಷೆ ಅದು. ಪುಟ ತೆರೆದರೆ ವಿಷಯದ ಹೆಸರಿನ ಮುಂದೆ `2,3` ಎಂದಿತ್ತು.

ಪ್ರಶ್ನೆಪತ್ರಿಕೆಯಲ್ಲಿ ಎರಡು ಭಾಗ ಇದ್ದದ್ದು ಅವಳಿಗೆ ನೆನಪಾಯಿತು. ಹಾಗಾದರೆ ಮೊದಲ ಭಾಗಕ್ಕೆ ಎರಡು, ಎರಡನೆಯದಕ್ಕೆ ಮೂರು. ಹೊಟ್ಟೆಯೊಳಗೆ ಏನೋ ಕುಸಿಯಿತು. ಆದರೆ ಪಕ್ಕದಲ್ಲೇ `bestanden` ಎಂದಿತ್ತು, ಪಾಸು ಅಂತ. ಎರಡು ಮೂರು ತೆಗೆದುಕೊಂಡವರನ್ನೂ ಪಾಸು ಮಾಡುವ ದೇಶವೇ ಇದು? ಐದು ನಿಮಿಷವಾದ ಮೇಲೆ ಹೊಳೆಯಿತು: ಇಲ್ಲಿಯವರು ದಶಮಾಂಶಕ್ಕೆ ಚುಕ್ಕೆ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. ಅದು ಎರಡೂ ಅಲ್ಲ, ಮೂರೂ ಅಲ್ಲ, ಎರಡು ಪಾಯಿಂಟ್ ಮೂರು.

ಒಂದು ಎಂದರೆ ಎಲ್ಲಕ್ಕಿಂತ ಮೇಲು, ನಾಲ್ಕು ಪಾಸಿನ ಗಡಿ, ಐದು ನಪಾಸು. ಅರ್ಜಿ ಹಾಕುವಾಗ ಇದನ್ನು ಅವಳು ಓದಿದ್ದಳು. ಓದಿದ್ದು ಬೇರೆ, ತನ್ನ ಹೆಸರಿನ ಮುಂದೆ ಕಾಣುವುದು ಬೇರೆ. ಬೆಳಿಗ್ಗೆ ಅಪ್ಪ ಫೋನಿನಲ್ಲಿ ಕೇಳಿದರು.

"ಎಷ್ಟು ಬಂತು?"

"ಎರಡು ಪಾಯಿಂಟ್ ಮೂರು."

"ಎಷ್ಟಕ್ಕೆ?"

ಅವಳ ಹತ್ತಿರ ಉತ್ತರವಿರಲಿಲ್ಲ. ಎಷ್ಟಕ್ಕೂ ಅಲ್ಲ ಅಪ್ಪ, ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದಳು. ಆ ಕಡೆ ಮೌನ. ಮಗಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅಪ್ಪ ಅಂದುಕೊಂಡರೆಂಬುದು ಆ ಮೌನದಲ್ಲೇ ಗೊತ್ತಾಯಿತು.

ಅಪ್ಪನಿಗೆ ಹೇಗೋ ತಿಳಿಸಿ ಹೇಳಬಹುದು. ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗೆ ಹೇಳುವುದು ಹೇಗೆ? ಪ್ರತಿ ಸೆಮಿಸ್ಟರ್ ಶೇಕಡಾ 75ಕ್ಕೆ ಕಡಿಮೆಯಾಗಬಾರದು ಎಂದು ಅವರ ಪತ್ರದಲ್ಲಿದೆ. ಫಾರಂನಲ್ಲಿ ಒಂದು ಚೌಕ, ಅದರ ಪಕ್ಕದಲ್ಲಿ ಶೇಕಡಾ ಚಿಹ್ನೆ. ಬೇರೆ ಏನೂ ಬರೆಯಲು ಜಾಗವಿಲ್ಲ. ಅವಳು ಮೂರು ರೀತಿಯಲ್ಲಿ ಲೆಕ್ಕ ಹಾಕಿದಳು, ಮೂರು ಉತ್ತರ ಬಂತು. ಹೆಚ್ಚು ನಂಬಿಕೆ ಬಂದ ಲೆಕ್ಕದಲ್ಲಿ 74 ಇತ್ತು.

ಇಲ್ಲಿಗೆ ಕಥೆ ನಿಂತಿದೆ. 74 ಸರಿಯೋ ತಪ್ಪೋ ಗೊತ್ತಾಗದೆ ಮುಂದಕ್ಕೆ ಹೋಗ್ತಿಲ್ಲ.

ಸುಮ್ನೆಓದುಗ

ಚೆನ್ನಾಗಿದೆ. "ಅವಳು" ಅಂದ್ರೆ ನೀವೇ ತಾನೆ?

ಇಂಚರ

ಕಥೆ ಅಂದ್ನಲ್ಲ ಸರ್ 🙂

ಲೆಕ್ಕದಮೇಷ್ಟ್ರು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದೇಕಮ್ಮ? ತಲೆಕೆಳಗಾದ ಅಳತೆ, ತಿರುಗಿಸಿದರಾಯ್ತು. 5ರಲ್ಲಿ ನಿಮ್ಮ ಅಂಕ ಕಳೆಯಿರಿ: 5 − 2.3 = 2.7. ಒಂದು ಬಂದವರಿಗೆ 4 ಆಗುತ್ತೆ, ಹಾಗಾಗಿ ಇದು ನಾಲ್ಕಕ್ಕೆ 2.7. ಶೇಕಡಾ ಮಾಡಿದರೆ 67.5. ಬೇಜಾರು ಮಾಡ್ಕೋಬೇಡಿ, ಲೆಕ್ಕ ಇರೋದೇ ಹಾಗೆ.

ಇಂಚರ

ನನ್ನ ಮೂರರಲ್ಲಿ ಇದೂ ಒಂದಾಗಿತ್ತು ಸರ್. 67.5 ಅಂದ್ರೆ ಕಥೆ ಅಲ್ಲಿಗೇ ಮುಗೀತು.

ಮಳೆಹನಿ

ನನಗೂ ಇದೇ ಆಗಿತ್ತು! ಇಂಗ್ಲೆಂಡಿನಲ್ಲಿ ಮೊದಲ ಪ್ರಬಂಧಕ್ಕೆ 68 ಬಂದಾಗ ಅತ್ತುಬಿಟ್ಟಿದ್ದೆ. ನಾನು 85ಕ್ಕೆ ಕಡಿಮೆ ತೆಗೆದವಳೇ ಅಲ್ಲ. ಆಮೇಲೆ ಜೊತೆಯವಳು ಹೇಳಿದಳು, ಇಲ್ಲಿ 70 ಬಂದರೆ ಫಸ್ಟ್ ಕ್ಲಾಸ್, 60ರಿಂದ 69ರವರೆಗೆ 2:1, ಅಂದ್ರೆ ಸೆಕೆಂಡ್ ಕ್ಲಾಸಿನ ಮೇಲಿನ ಭಾಗ, ನೀನು ಹೆಚ್ಚುಕಡಿಮೆ ತುದೀಲೇ ಇದ್ದೀಯ ಅಂತ. ಆದರೆ ಇಂಚರ, ಇಲ್ಲಿ ಇರೋದು 2:1, 2:2 ಮಾತ್ರ. 2:3 ಅನ್ನೋದು ಇಲ್ಲವೇ ಇಲ್ಲ, ನೀವು ಸರಿಯಾಗಿ ನೋಡಿದ್ರಾ?

ಇಂಚರ

ಮಳೆಹನಿ, ನಾನಿರೋದು ಜರ್ಮನಿಯಲ್ಲಿ. ಬೇರೆಯದೇ ಅಳತೆ.

ಮಳೆಹನಿ

ಅಯ್ಯೋ, ಕಥೆಯ ಮೊದಲ ಸಾಲನ್ನ ಬಿಟ್ಟು ಓದಿದೆ ಅನ್ಸುತ್ತೆ. ಕ್ಷಮಿಸಿ.

ತುಂಟಗಾಳಿ

ಡೆನ್ಮಾರ್ಕಿಗೆ ಬನ್ನಿ. ಇಲ್ಲಿ 12, 10, 7, 4, 02, 00, ಕೊನೆಗೆ −3. ಪರೀಕ್ಷೆ ಬರೆದು ಸೊನ್ನೆಗಿಂತ ಕೆಳಗೆ ಹೋಗಿ ಬರಬಹುದು. ನಿಮ್ಮ ಅಪ್ಪನಿಗೆ ಇದನ್ನ ಹೇಗೆ ಹೇಳ್ತಿದ್ರೋ!

ಪದ್ಮಜಾ

ಜರ್ಮನಿಯ ಒಂದು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಹೊರದೇಶದ ಅಂಕಪಟ್ಟಿಗಳನ್ನು ಇಲ್ಲಿನ ಅಳತೆಗೆ ತರುವುದೇ ನನ್ನ ಕೆಲಸವಾಗಿತ್ತು. ಇಂಚರ ಅದರ ಉಲ್ಟಾ ದಾರಿಯಲ್ಲಿ ಹೊರಟಿದ್ದಾರೆ, ಇಲ್ಲಿನ ಅಂಕವನ್ನು ಊರಿನ ಅಳತೆಗೆ ತರಲು.

ಮೊದಲು ಮೇಷ್ಟ್ರ ಲೆಕ್ಕ. ಯಾವ ಪರಿವರ್ತನೆಯೇ ಆಗಲಿ, ನಂಬುವ ಮೊದಲು ಅದರ ಎರಡು ತುದಿ ಹಿಡಿದು ನೋಡಬೇಕು. 1.0 ಹಾಕಿದರೆ 100 ಬರಬೇಕು, ಮೇಷ್ಟ್ರ ಲೆಕ್ಕದಲ್ಲಿ ಬರುತ್ತದೆ. 4.0 ಹಾಕಿದರೆ ನಿಮ್ಮೂರಿನ ಪಾಸಿನ ಅಂಕ ಬರಬೇಕು. ಮೇಷ್ಟ್ರ ಲೆಕ್ಕದಲ್ಲಿ 5 − 4 = 1, ನಾಲ್ಕಕ್ಕೆ ಒಂದು, ಅಂದರೆ ಶೇಕಡಾ 25. ಇಲ್ಲಿ ಪಾಸಾದವರು ಅಲ್ಲಿ ನಪಾಸು! ಕೆಳತುದಿ ಕುಸಿದಿರುವುದರಿಂದ ನಡುವಿನ ಅಂಕಗಳೆಲ್ಲ ಅದರ ಜೊತೆ ಕೆಳಗೆ ಜಾರುತ್ತವೆ. 67.5 ಬಂದದ್ದು ಹಾಗೆ.

ಇಲ್ಲಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಳಸುವುದು ಪರಿಷ್ಕೃತ ಬವೇರಿಯನ್ ಸೂತ್ರ:

```
X = 1 + 3 * (Nmax - Nd) / (Nmax - Nmin)
```

`Nmax` ನಿಮ್ಮಲ್ಲಿ ಸಿಗಬಹುದಾದ ಅತಿ ಹೆಚ್ಚು ಅಂಕ, `Nmin` ಪಾಸಾಗಲು ಬೇಕಾದ ಅತಿ ಕಡಿಮೆ ಅಂಕ, `Nd` ನೀವು ತೆಗೆದದ್ದು. ಹೊರಗಿನ ಅಂಕ ಒಳಗೆ ಬರುವಾಗಿನ ಲೆಕ್ಕ ಇದು. ನಿಮಗೆ ಬೇಕಿರುವುದು ಇದರ ಉಲ್ಟಾ:

```
Nd = Nmax - (X - 1) / 3 * (Nmax - Nmin)
```

100ಕ್ಕೆ 40 ಪಾಸು ಎಂದಿಟ್ಟುಕೊಂಡು 2.3 ಹಾಕಿದರೆ 100ರಲ್ಲಿ 26 ಹೋಗಿ 74. ನಿಮಗೆ ಬಂದ 74 ಇದೇ ಅಲ್ಲವೇ?

ಇಂಚರ

ಇದೇ ಮೇಡಂ. ಅಂದ್ರೆ 74 ಸರಿ. ಅಂದ್ರೆ ಒಂದು ಅಂಕ ಕಡಿಮೆ.

ಪದ್ಮಜಾ

ಲೆಕ್ಕ ಸರಿ. ಅದು ಯಾವುದರ ಮೇಲೆ ನಿಂತಿದೆ ನೋಡಿ. ನಿಮ್ಮ ಹಳೆಯ ಅಂಕಪಟ್ಟಿಯಲ್ಲಿ ಪಾಸಿಗೆ 40 ಎಂದಿದೆಯೋ, 35 ಎಂದಿದೆಯೋ, 50 ಎಂದಿದೆಯೋ?

ಇಂಚರ

ಡಿಗ್ರಿಯಲ್ಲಿ 40. ಅದಕ್ಕೂ ಮುಂಚೆ 35 ಇತ್ತು. ಸಂಸ್ಥೆಯವರು ಯಾವುದನ್ನ ಹಿಡೀತಾರೆ ಅಂತ ಎಲ್ಲೂ ಬರೆದಿಲ್ಲ.

ಪದ್ಮಜಾ

35 ಹಾಕಿದರೆ ಅದೇ 2.3 ಶೇಕಡಾ 71.8 ಆಗುತ್ತದೆ. 50 ಹಾಕಿದರೆ 78.3. ನಿಮ್ಮ ಉತ್ತರಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಊರಿನಲ್ಲಿ ಪಾಸಾಗುವುದು ಸುಲಭವಾದಷ್ಟೂ ನಿಮ್ಮ ಶೇಕಡಾ ಇಳಿಯುತ್ತದೆ. ಮೊದಮೊದಲು ನನಗೂ ಇದು ವಿಚಿತ್ರವೆನಿಸಿತ್ತು. ಅಳೆಯುವ ಕೋಲಿನ ಮೇಲ್ತುದಿ ಒಂದೇ, ಕೆಳತುದಿ ಮಾತ್ರ ಇನ್ನೂ ಕೆಳಗೆ ಎಳೆದುಹೋಗಿದೆ. ಹಾಗಾಗಿ ನಡುವಿನ ಗುರುತುಗಳೂ ಕೆಳಗಿಳಿಯುತ್ತವೆ.

ಆದ್ದರಿಂದ ಬರೀ 74 ಎಂದು ಬರೆದು ಕೊಡಬೇಡಿ. ಯಾವ ಪಾಸಿನ ಅಂಕ ಇಟ್ಟುಕೊಂಡು ಲೆಕ್ಕ ಹಾಕಿದ್ದು ಎಂಬುದೂ ಅದರ ಜೊತೆಗೇ ಹೋಗಲಿ.

ಲೆಕ್ಕದಮೇಷ್ಟ್ರು

ತುದಿ ಹಿಡಿದು ನೋಡುವ ಮಾತು ಒಪ್ಪಿದೆ ಮೇಡಂ, ಅದನ್ನ ನಾನು ನೋಡಲಿಲ್ಲ. ಆದ್ರೆ ಇಷ್ಟೆಲ್ಲ ಸುತ್ತೋದ್ಯಾಕೆ? ಉತ್ತರಪತ್ರಿಕೆಗೆ ಅಂಕ ಹಾಕಿರ್ತಾರಲ್ಲ, ಒಟ್ಟು ಎಷ್ಟಕ್ಕೆ ಎಷ್ಟು ಅಂತ? ಅದನ್ನೇ ಶೇಕಡಾ ಮಾಡಿ ಕೊಟ್ಟರೆ ಯಾವ ಸೂತ್ರಾನೂ ಬೇಡ.

ಇಂಚರ

ಪತ್ರಿಕೆ ನೋಡೋಕೆ ಒಂದು ದಿನ ಕೊಟ್ಟಿದ್ರು, ಹೋಗಿದ್ದೆ (ಸರಿ ಸರಿ, ನಾನೇ ಅವಳು). ಮೇಲ್ವಿಚಾರಕರ ಎದುರಿಗೆ ಕೂತು ನೋಡ್ಬೇಕು. ಕೂಡಿದ್ದು ಸರಿ ಇದೆಯಾ ಅಂತ ನೋಡಿಕೊಂಡೆ, ಸರಿ ಇತ್ತು. 90ಕ್ಕೆ 68. ಅಂದ್ರೆ 75.6! ಮೇಷ್ಟ್ರೇ, ಇದು 75 ದಾಟುತ್ತಲ್ಲ!

ಲೆಕ್ಕದಮೇಷ್ಟ್ರು

ನೋಡಿ ಮತ್ತೆ! ಅದನ್ನೇ ಬರೀರಿ.

ಪದ್ಮಜಾ

ನಿಲ್ಲಿ ನಿಲ್ಲಿ. ಇನ್ನೊಂದು ಪರೀಕ್ಷೆಯದೂ ಬಂದಿದ್ದರೆ ಅದರ ಅಂಕ ಎಷ್ಟು?

ಇಂಚರ

ಅದು ನಿನ್ನೆ ಬಂತು. 90ಕ್ಕೆ 52. ಪೋರ್ಟಲ್‌ನಲ್ಲಿ 2,7.

ಪದ್ಮಜಾ

ಮೇಷ್ಟ್ರ ಹೊಸ ದಾರಿಯಲ್ಲಿ ಅದು 57.8. ಸೂತ್ರದಲ್ಲಿ 66. ಒಂದು ವಿಷಯಕ್ಕೆ ಲಾಭ ತಂದ ದಾರಿ ಇನ್ನೊಂದಕ್ಕೆ ಹಳ್ಳ ತೋಡುತ್ತದೆ. ಎಷ್ಟಕ್ಕೆ ಯಾವ ದರ್ಜೆ ಎಂಬುದು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಮೊದಲನೆಯದರಲ್ಲಿ ಅರ್ಧಕ್ಕೆ, ಅಂದರೆ 45ಕ್ಕೆ, ಪಾಸು ಇಟ್ಟಿರುವ ಹಾಗಿದೆ. ಎರಡನೆಯದರಲ್ಲಿ ಪತ್ರಿಕೆ ಕಷ್ಟವಾಗಿತ್ತೆಂದು ಗಡಿಯನ್ನು ಕೆಳಗಿಳಿಸಿರಬೇಕು, ಇಲ್ಲದಿದ್ದರೆ 52ಕ್ಕೆ 2.7 ಸಿಗುತ್ತಿರಲಿಲ್ಲ. ಅನುಕೂಲ ಕಂಡಲ್ಲಿ ಒಂದು ದಾರಿ, ಕಾಣದಿದ್ದಲ್ಲಿ ಇನ್ನೊಂದು ಹಿಡಿದರೆ, ಫಾರಂ ಓದುವವರು ಯಾರೇ ಆಗಿರಲಿ, ಮುಂದಿನ ಸೆಮಿಸ್ಟರ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನೊಂದು ಮಾತು. ಪತ್ರದಲ್ಲಿ ಇರುವುದು ಪ್ರತಿ ವಿಷಯಕ್ಕೆ 75 ಎಂದೋ, ಸೆಮಿಸ್ಟರ್ ಸರಾಸರಿ 75 ಎಂದೋ?

ಇಂಚರ

ಈಗ ತೆಗೆದು ನೋಡಿದೆ. "ಸೆಮಿಸ್ಟರಿನ ಒಟ್ಟಾರೆ". ಒಂದು ವಾರದಿಂದ ನಿದ್ದೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ 🤦

ಪದ್ಮಜಾ

ಹಾಗಾದರೆ ಎಲ್ಲವನ್ನೂ ಕ್ರೆಡಿಟ್ ಜೊತೆ ಹಾಕಿ.

ಇಂಚರ

9 ಕ್ರೆಡಿಟ್‌ನ ಪತ್ರಿಕೆಗೆ 1,7. 6 ಕ್ರೆಡಿಟ್‌ಗೆ 2,3 (ಕಥೆಯದು). ಇನ್ನೊಂದು 6ಕ್ಕೆ 2,7. ಸೆಮಿನಾರ್ 5 ಕ್ರೆಡಿಟ್, ಅದಕ್ಕೆ 1,3. ಭಾಷೆಯ ತರಗತಿ 4 ಕ್ರೆಡಿಟ್, ಅಲ್ಲಿ ಅಂಕ ಇಲ್ಲ, ಬರೀ ಪಾಸು.

ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 2.0.

ಪದ್ಮಜಾ

ಹಾಗಲ್ಲ. ದೊಡ್ಡ ವಿಷಯಕ್ಕೆ ಹೆಚ್ಚು ತೂಕ. ಒಂದೊಂದನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿದರೆ 15.3, 13.8, 16.2, 6.5. ಒಟ್ಟು 51.8. ಅಂಕವಿರುವ ಕ್ರೆಡಿಟ್ 26 ಮಾತ್ರ, ಭಾಷೆಯ ನಾಲ್ಕನ್ನು ಭಾಗಾಕಾರಕ್ಕೆ ತರಬಾರದು. ತಂದರೆ 51.8ನ್ನು 30ರಿಂದ ಭಾಗಿಸಿ 1.7 ಬಂತೆಂದು ಹಿಗ್ಗುತ್ತೀರಿ. ಆ ತಪ್ಪನ್ನು ಎಷ್ಟೋ ಅರ್ಜಿಗಳಲ್ಲಿ ನೋಡಿದ್ದೇನೆ. 26ರಿಂದ ಭಾಗಿಸಿದರೆ 1.992.

ಇದನ್ನು 2.0 ಎಂದು ಸರಿಹೊಂದಿಸಬೇಡಿ. ಇಲ್ಲಿನ ಹೆಚ್ಚಿನ ಪರೀಕ್ಷಾ ನಿಯಮಾವಳಿಗಳಲ್ಲಿ ಸರಾಸರಿಯ ಮೊದಲ ದಶಮಾಂಶವನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತಾರೆ. ನಿಮ್ಮ ವಿಭಾಗದ ನಿಯಮಾವಳಿಯಲ್ಲೂ ಹಾಗೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇದ್ದರೆ ನಿಮ್ಮದು 1.9. ಸಣ್ಣದು ಒಳ್ಳೆಯದಾದ ಅಳತೆಯಲ್ಲಿ ಕತ್ತರಿಯೂ ವಿದ್ಯಾರ್ಥಿಯ ಕಡೆಗೇ ಇರುತ್ತದೆ!

1.9ನ್ನು ಉಲ್ಟಾ ಸೂತ್ರಕ್ಕೆ ಹಾಕಿ: 40 ಪಾಸಿನಲ್ಲಿ 82, 35ರಲ್ಲಿ 80.5. ಎರಡೂ 75ರ ಮೇಲೆ.

ಇಂಚರ

ನಿಯಮಾವಳಿ ನೋಡಿದೆ. ಕತ್ತರಿಸೋದೇ. ಮೇಡಂ, ನಿಮಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ.

ಹಳೇಕಾಗದ

ತಡವಾಗಿ ಬಂದೆ. ಪದ್ಮಜಾ ಅವರ ಗಣಿತ ಸರಿ, ಆದರೆ ಸೂತ್ರವನ್ನು ಉಲ್ಟಾ ತಿರುಗಿಸುವುದಕ್ಕೆ ನನ್ನ ತಕರಾರಿದೆ. ಅದನ್ನು ಮಾಡಿದ್ದು ಹೊರಗಿನವರನ್ನು ಒಳಗೆ ಸೇರಿಸಿಕೊಳ್ಳುವಾಗ ಒಂದು ಅಂದಾಜು ಸಿಗಲಿ ಅಂತ. ಹೊರಗೆ ಕಳಿಸುವಾಗಲೂ ಅದೇ ನಿಜ ಅಂತ ಯಾರು ಹೇಳಿದರು? ಇಲ್ಲೇ ಜರ್ಮನಿಯಲ್ಲಿ ನಮ್ಮ ಪರೀಕ್ಷಾ ಕಚೇರಿಯಲ್ಲಿ ನಾನು ಶೇಕಡಾ ಪ್ರಮಾಣಪತ್ರ ಕೇಳಿದಾಗ, ನಾವು ನಮ್ಮ ಅಂಕ ಕೊಡ್ತೀವಿ, ಪರಿವರ್ತನೆ ನಮ್ಮ ಕೆಲಸ ಅಲ್ಲ ಅಂದರು. ಸ್ವಂತ ಕೈಯಿಂದ ಹಾಕಿದ ಲೆಕ್ಕಕ್ಕೆ ಬೆಲೆ ಎಷ್ಟು?

ಪದ್ಮಜಾ

ತಕರಾರು ನ್ಯಾಯವಾದದ್ದೇ. ಸೂತ್ರ ಎರಡು ತುದಿಗಳನ್ನು ಕಟ್ಟಿ ನಡುವೆ ಸರಳರೇಖೆ ಎಳೆಯುತ್ತದೆ. ನಡುವೆ ವಿದ್ಯಾರ್ಥಿಗಳು ಎಲ್ಲಿ ಗುಂಪುಗಟ್ಟಿದ್ದಾರೆ ಎಂಬುದು ಅದಕ್ಕೆ ಕಾಣುವುದಿಲ್ಲ. ಒಂದು ಕಡೆ 82 ತೆಗೆಯುವವರು ತರಗತಿಗೆ ಇಬ್ಬರು, ಇನ್ನೊಂದು ಕಡೆ ಅರ್ಧ ತರಗತಿ. ಅದು ಬೇಕಾದರೆ ನೋಟೆನ್‌ಶ್ಪೀಗೆಲ್ ನೋಡಬೇಕು. ಯಾವ ಅಂಕ ಎಷ್ಟು ಮಂದಿಗೆ ಬಂತು ಎಂಬ ಪಟ್ಟಿ. ಕೆಲವು ವಿಭಾಗಗಳು ಫಲಿತಾಂಶದ ಜೊತೆಗೇ ಹಾಕುತ್ತವೆ. ಇಂಚರ, ನಿಮ್ಮಲ್ಲಿದೆಯೇ?

ಇಂಚರ

ಅಂಕದ ಪಕ್ಕದಲ್ಲಿ ಒಂದು ಸಣ್ಣ ಕಂಬಗಳ ಚಿತ್ರ ಇದೆ. ಅಲಂಕಾರ ಅಂದ್ಕೊಂಡಿದ್ದೆ. ಈಗ ಒತ್ತಿ ನೋಡಿದೆ.

2,3ರ ಪರೀಕ್ಷೆ ಬರೆದವರು 64, ಪಾಸಾದವರು 50. ನನಗಿಂತ ಮೇಲೆ 16 ಜನ, ನನ್ನಷ್ಟೇ ಬಂದವರು ನಾನೂ ಸೇರಿ 7.

ಪದ್ಮಜಾ

ಹಾಗಾದರೆ ಪಾಸಾದ 50ರಲ್ಲಿ ನೀವು 17ರಿಂದ 23ರೊಳಗೆ. ಹಿಂದೆ ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಪಾಸಾದವರ ಮೊದಲ ಶೇಕಡಾ 10ಕ್ಕೆ ಎ, ಮುಂದಿನ 25ಕ್ಕೆ ಬಿ, ಆಮೇಲಿನ 30ಕ್ಕೆ ಸಿ ಎಂದು ಅಕ್ಷರ ಕೊಡುತ್ತಿದ್ದರು. ಆ ಲೆಕ್ಕದಲ್ಲಿ ಬಿ ಮುಗಿಯುವುದು 17 ಮತ್ತು 18ರ ನಡುವೆ. ನಿಮ್ಮ ಏಳು ಜನರ ಗುಂಪಿನ ನಡುವೆಯೇ ಗೆರೆ ಹಾದುಹೋಗುತ್ತದೆ. ಒಂದೇ ಅಂಕದವರನ್ನು ಸೀಳುವುದು ಹೇಗೆ? ಇಂಥ ತೊಡಕುಗಳಿದ್ದ ಆ ಅಕ್ಷರಗಳನ್ನು 2009ರ ಮಾರ್ಗದರ್ಶಿಯಲ್ಲಿ ಕೈಬಿಟ್ಟು, ಹಂಚಿಕೆಯ ಪಟ್ಟಿಯನ್ನೇ ಕೊಡಿ ಎಂದರು.

ಇನ್ನೂ ಎರಡರದ್ದು ಒತ್ತಿ ನೋಡಿ, 2,7 ಮತ್ತು 1,3.

ಇಂಚರ

ನೋಡಿದೆ. ಎರಡು ಸಲ ನೋಡಿದೆ.

1,3 ಬಂದ ಸೆಮಿನಾರ್‌ನಲ್ಲಿ 18 ಜನ. 11 ಜನಕ್ಕೆ 1,0. ಐದು ಜನಕ್ಕೆ 1,3. ಇಬ್ಬರಿಗೆ 1,7. ಅಂದ್ರೆ ನಾನು 12ರಿಂದ 16ರೊಳಗೆ. ಕೊನೆಯ ಬೆಂಚು.

2,7 ಬಂದದ್ದರಲ್ಲಿ 41 ಜನ ಬರೆದು 23 ಜನ ಪಾಸು. 1,0 ಯಾರಿಗೂ ಇಲ್ಲ, 1,3ನೂ ಇಲ್ಲ. ಒಬ್ಬರಿಗೆ 1,7, ಒಬ್ಬರಿಗೆ 2,0, ಇಬ್ಬರಿಗೆ 2,3. ಆಮೇಲೆ ನಾವು ಮೂರು ಜನ. 41ರಲ್ಲಿ ಐದರಿಂದ ಏಳು!

ಅಪ್ಪನಿಗೆ 1,3ನ್ನ ಹೆಮ್ಮೆಯಿಂದ ಹೇಳಿದ್ದೆ. 2,7ನ್ನ ಹೇಳೇ ಇರಲಿಲ್ಲ.

ತುಂಟಗಾಳಿ

ಸೆಮಿನಾರ್ ಮೇಷ್ಟ್ರು ಎಲ್ಲಿ ಸಿಗ್ತಾರೆ, ನಾನೂ ಬರ್ತೀನಿ.

ಸುಮ್ನೆಓದುಗ

ಒಂದು ಪ್ರಶ್ನೆ. 2,7ನ್ನ ಇನ್ನೊಮ್ಮೆ ಬರೆದು ಸುಧಾರಿಸಿಕೊಳ್ಳಬಹುದಲ್ಲ? ಸರಾಸರಿ ಇನ್ನೂ ಏರುತ್ತೆ.

ಹಳೇಕಾಗದ

ಇಲ್ಲಿ ಸಾಮಾನ್ಯವಾಗಿ ಪಾಸಾದದ್ದನ್ನ ಮತ್ತೆ ಬರೆಯೋಕೆ ಬಿಡಲ್ಲ. ನಪಾಸಾದವರಿಗೆ ಮಾತ್ರ ಮರುಪರೀಕ್ಷೆ. ಕೆಲವು ಕಡೆ ವಿನಾಯಿತಿ ಇದೆ, ನಿಯಮಾವಳಿ ನೋಡಬೇಕು. ತಮಾಷೆ ಏನಂದ್ರೆ 4,0 ಬಂದವರಿಗೆ ಇಲ್ಲದ ಇನ್ನೊಂದು ಅವಕಾಶ ಆಗ 5,0 ಬಂದವರಿಗೆ ಇರುತ್ತೆ.

ಇಂಚರ, ಪಟ್ಟಿಗಳನ್ನೂ ಫಾರಂ ಜೊತೆ ಲಗತ್ತಿಸಿ. ನನ್ನ ತಕರಾರು ಹಾಗೇ ಇದೆ, ಆದರೆ ಬರೀ 82ಕ್ಕಿಂತ ಅದು ಮೇಲು.

ಲೆಕ್ಕದಮೇಷ್ಟ್ರು

ನನ್ನದೂ ಒಂದು ಮಾತು. ಸೆಮಿನಾರ್ ಪಟ್ಟಿಯನ್ನೂ ಲಗತ್ತಿಸಬೇಕಾ? ಅದರಲ್ಲಿ ಇವರು ಕೆಳಗೇ ಕಾಣ್ತಾರಲ್ಲ.

ಪದ್ಮಜಾ

ಕಳಿಸುವುದಾದರೆ ಎಲ್ಲವನ್ನೂ ಕಳಿಸಬೇಕು ಮೇಷ್ಟ್ರೇ, ಚಂದ ಕಂಡದ್ದನ್ನಷ್ಟೇ ಅಲ್ಲ.

ಇಂಚರ

ಎಲ್ಲ ಕಳಿಸಿದೆ. ಅಂಕಪಟ್ಟಿ, ಅದರ ಹಿಂದಿನ ಪುಟದಲ್ಲಿ ಮುದ್ರಿಸಿರೋ ಅಳತೆಯ ವಿವರ, ಎರಡು ಸಾಲಿನ ಲೆಕ್ಕ (40 ಪಾಸು ಎಂದು ಹಿಡಿದಿದ್ದೇನೆ ಅಂತ ಬರೆದು), ಪಟ್ಟಿಗಳು. ಚೌಕದಲ್ಲಿ 82.

ಇವತ್ತು ಉತ್ತರ ಬಂತು: "ಶೇಕಡಾವಾರು ಅಂಕಕ್ಕೆ ವಿಶ್ವವಿದ್ಯಾಲಯದ ಮುದ್ರೆ ಬೇಕು."

ಹಳೇಕಾಗದ

ಹೇಳಲಿಲ್ಲವಾ.

ಪದ್ಮಜಾ

ಪರೀಕ್ಷಾ ಕಚೇರಿಗೆ ಶೇಕಡಾ ಕೇಳಿ ಹೋಗಬೇಡಿ, ಕೊಡುವುದಿಲ್ಲ. ಈವರೆಗಿನ ಸರಾಸರಿ 1.9 ಎಂದು ಒಂದು ಪತ್ರ ಕೊಡಿ ಎಂದು ಕೇಳಿ. ಅದಕ್ಕೆ ಮುದ್ರೆ ಬೀಳುವ ಸಾಧ್ಯತೆ ಹೆಚ್ಚು. ಸಂಸ್ಥೆಯವರಿಗೆ, ಯಾವ ಪಾಸಿನ ಅಂಕ ಹಿಡಿಯುತ್ತೀರಿ, ಲೆಕ್ಕವನ್ನು ನೀವೇ ಹಾಕುತ್ತೀರಾ ಎಂದು ಬರೆಯಿರಿ. 35 ಎಂದರೂ 80ರ ಮೇಲೇ ಇದ್ದೀರಿ.

ಇಂಚರ

ಸೋಮವಾರ ಕಚೇರಿ ತೆರೆಯುತ್ತೆ, ಹೋಗ್ತೀನಿ. ಅಲ್ಲಿಯವರೆಗೆ ಕಥೆಯ ಕೊನೆ ಇಷ್ಟೇ:

ಸಂಜೆ ಅವಳೇ ಫೋನು ಮಾಡಿದಳು.

"ಅಪ್ಪ, ಒಂದು ಪರೀಕ್ಷೆದು ಹೇಳಿರಲಿಲ್ಲ. ಎರಡು ಪಾಯಿಂಟ್ ಏಳು."

"ಮೊದಲಿನದಕ್ಕಿಂತ ಜಾಸ್ತಿ. ಅಂದ್ರೆ ಕಡಿಮೆ."

"ಹೂಂ, ಕಡಿಮೆ. ನಲವತ್ತೊಂದು ಜನ ಬರೆದಿದ್ರು. ನನಗಿಂತ ಮುಂದೆ ನಾಲ್ಕೇ ಜನ."

ಆ ಕಡೆ ಮತ್ತೆ ಮೌನ. ಆಮೇಲೆ ಅಪ್ಪ ಯಾರಿಗೋ, ಬಹುಶಃ ಅಮ್ಮನಿಗೆ, ಹೇಳುತ್ತಿದ್ದದ್ದು ಕೇಳಿಸಿತು: "ಐದನೇ ಸ್ಥಾನವಂತೆ."

ಐದರಿಂದ ಏಳು ಎಂದು ತಿದ್ದಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಫೋನು ತೆಗೆದುಕೊಂಡಿದ್ದರು.